ಒಂದೇ ಬಿಲ್, ಮೂರು ಎಸ್‌ಎಂಎಸ್

ಬೆಳಗ್ಗೆ ಮೊದಲ ಬಿಲ್ ಅಪ್‌ಲೋಡ್ ಆದಾಗ ಗ್ರಾಹಕರಿಗೆ ಮೂರು ಎಸ್‌ಎಂಎಸ್ ಹೋಗುತ್ತಿತ್ತು. ಎಸ್3 ಬಕೆಟ್‌ಗೆ ಫೈಲ್ ಬಿದ್ದರೆ ಲ್ಯಾಂಬ್ಡಾ ಓಡುವ ವ್ಯವಸ್ಥೆ ನಮ್ಮದು. ಲಾಗ್ ನೋಡಿದೆ. ಒಂದೇ `RequestId` ಮೂರು ಸಲ, ಪ್ರತಿ ಸಲವೂ ಇದೇ ಸಾಲು:

```
Task timed out after 3.00 seconds
```

ಟೈಮೌಟ್ 3 ಸೆಕೆಂಡ್ ಅನ್ನೋದು ಡೀಫಾಲ್ಟ್, ನಾನು ಮುಟ್ಟಿರಲಿಲ್ಲ. ಪಿಡಿಎಫ್ ಲೈಬ್ರರಿಯನ್ನು ಹ್ಯಾಂಡ್ಲರ್ ಒಳಗೇ ಲೋಡ್ ಮಾಡುತ್ತಿದ್ದೆ, ಅದಕ್ಕೇ ಕೋಲ್ಡ್ ಸ್ಟಾರ್ಟ್‌ನಲ್ಲಿ ಸಮಯ ಮೀರುತ್ತಿತ್ತು. ಅಷ್ಟರಲ್ಲಿ ಎಸ್‌ಎಂಎಸ್ ಹೋಗಿಬಿಟ್ಟಿರುತ್ತಿತ್ತು! ಎಸ್3 ಕರೆ ಅಸಿಂಕ್ ಅಲ್ವಾ, ಸೋತರೆ ಲ್ಯಾಂಬ್ಡಾ ಸುಮ್ನೆ ಇನ್ನೆರಡು ಸಲ ಓಡಿಸುತ್ತದೆ. ಟೈಮೌಟ್ ಆದರೆ ಮೆಮೊರಿಯಲ್ಲಿದ್ದದ್ದೂ ಹೋಗುತ್ತದೆ, ಹಾಗಾಗಿ ಮತ್ತೆ ಅದೇ ಕಥೆ.

ಲೋಡಿಂಗ್ ಹ್ಯಾಂಡ್ಲರ್‌ನಿಂದ ಹೊರಗೆ ಹಾಕಿದೆ. ಟೈಮೌಟ್ 30 ಸೆಕೆಂಡ್ ಮಾಡಿದೆ. ಮೆಮೊರಿಯನ್ನು 128ರಿಂದ 512 ಎಂಬಿಗೆ ಏರಿಸಿದೆ, ಸಿಪಿಯು ಕೂಡ ಅದರ ಜೊತೆಗೇ ಜಾಸ್ತಿಯಾಗುತ್ತದೆ. ಎಸ್‌ಎಂಎಸ್ ಈಗ ಕೊನೆಯ ಹೆಜ್ಜೆ, ಅದಕ್ಕೂ ಮೊದಲು ಬಿಲ್ ನಂಬರ್ ಟೇಬಲ್‌ನಲ್ಲಿದೆಯಾ ಎಂದು ನೋಡುತ್ತೇನೆ, ಇದ್ದರೆ ಮತ್ತೆ ಕಳಿಸುವುದಿಲ್ಲ.