ಚಂದದ ಮೇಲ್ ಸುಳ್ಳು, ಪೆದ್ದು ಮೇಲ್ ನಿಜ: ಟ್ಯಾಕ್ಸ್ ನೋಟಿಸ್ ಪತ್ತೆ ಮಾಡಿದ ನನ್ನ ಅನುಭವ

ನಮ್ಮ ಕಾಸರಗೋಡಿನ ಕಡೆ ಎಷ್ಟೋ ಅಡಿಕೆ ಕೃಷಿಕರ ಪ್ಯಾನ್‌ಗೆ ಜೋಡಿಸಿದ ಇಮೇಲ್ ಅವರದ್ದಲ್ಲ. ಮಗನದ್ದು, ಅಳಿಯನದ್ದು, ಇಲ್ಲವಾದರೆ ಯಾವತ್ತೋ ರಿಟರ್ನ್ ಹಾಕಿಕೊಟ್ಟವನದ್ದು. ಪೆರ್ಲದ ಕಡೆಯ ಈ ಮಾವನದ್ದೂ ಹಾಗೆಯೇ. ನೋಟಿಸ್ ಬರುವುದು ದುಬೈಯಲ್ಲಿರುವ ಮಗನಿಗೆ, ತಲೆಬಿಸಿ ಮಾತ್ರ ಇಲ್ಲಿ ಅಪ್ಪನಿಗೆ.

ಕಳೆದ ಡಿಸೆಂಬರಿನಲ್ಲಿ ಒಂದೇ ವಾರ ಎರಡು ಮೇಲ್ ಬಂದವು. ಒಂದರಲ್ಲಿ ಲಾಂಛನ, ಅಪ್ಪನ ಸರಿಯಾದ ಹೆಸರು, ಸರಿಯಾದ ಪ್ಯಾನ್, ಇಲಾಖೆ ಪ್ರತಿ ನೋಟಿಸಿಗೂ ಕೊಡುವ ಡಿಐಎನ್ ನಂಬರ್, ಅಧಿಕಾರಿಯ ಸಹಿ ಎಲ್ಲ ಇತ್ತು. 2022-23ರ ಅಸೆಸ್‌ಮೆಂಟ್‌ನಲ್ಲಿ ಸುಮಾರು 38 ಸಾವಿರ ಬಾಕಿ, 72 ಗಂಟೆಯೊಳಗೆ ಕಟ್ಟದಿದ್ದರೆ ಬ್ಯಾಂಕ್ ಖಾತೆ ಸ್ಥಗಿತ ಅಂತ ಬರೆದಿತ್ತು. ಇನ್ನೊಂದು ನೀರಸ. ನಾಲ್ಕು ಸಾಲು, ಒಂದು ಪಿಡಿಎಫ್, ಅದಕ್ಕೆ ಪಾಸ್‌ವರ್ಡ್. ಪಾಸ್‌ವರ್ಡ್ ಕೇಳಿದ್ದೇ ಮಗನಿಗೆ ಅನುಮಾನ. ಮನೆಯವರ ತೀರ್ಮಾನ: ಮೊದಲನೆಯದು ನಿಜ, ಎರಡನೆಯದು ಮೋಸ. ಟ್ಯಾಕ್ಸ್ ಕೆಲಸ ಮಾಡುವ ನನ್ನ ಇಬ್ಬರು ಗೆಳೆಯರು ಅದಕ್ಕೂ ಮುಂದೆ ಹೋಗಿ, "ಎರಡೂ ಮೋಸ, ಸುಮ್ನೆ ಡಿಲೀಟ್ ಮಾಡಿ" ಅಂದರು. ಮೊದಲನೆಯದು ಸುಳ್ಳು, ಎರಡನೆಯದು ನಿಜ ಅಂತ ನಾನು ಹೇಳಿದಾಗ ನಕ್ಕರು.

ಮಗ ಕಳಿಸಿದ್ದು ವಾಟ್ಸಾಪಿನಲ್ಲಿ ಸ್ಕ್ರೀನ್‌ಶಾಟ್. ಅದರಿಂದ ಏನೂ ಪ್ರಯೋಜನ ಇಲ್ಲ. ಫಾರ್ವರ್ಡ್ ಮಾಡಿಸಿದೆ, ಅದೂ ದಂಡ. ಫಾರ್ವರ್ಡ್ ಮಾಡಿದ ಮೇಲ್‌ನ ಹೆಡರ್‌ನಲ್ಲಿ, ಅಂದರೆ ಮೇಲ್ ಎಲ್ಲಿಂದ ಹೇಗೆ ಬಂತು ಅನ್ನುವ ದಾಖಲೆಯಲ್ಲಿ, ಕಾಣುವುದು ಫಾರ್ವರ್ಡ್ ಮಾಡಿದವನ ವಿವರ, ಮೂಲ ಕಳಿಸಿದವನದ್ದಲ್ಲ. ಕೊನೆಗೆ ಲ್ಯಾಪ್‌ಟಾಪಿನಲ್ಲಿ ಜಿಮೇಲ್ ತೆರೆಸಿ "Forward as attachment" ಒತ್ತಿಸಿದೆ. ಆಗ ಇಡೀ ಮೇಲ್ ಒಂದು ಫೈಲ್ ಆಗಿ ಬರುತ್ತದೆ, ಹೆಡರ್ ಹಾಗೇ ಇರುತ್ತದೆ. ಮೇಲ್ ನಿಮ್ಮದೇ ಡಬ್ಬದಲ್ಲಿದ್ದರೆ ಮೂರು ಚುಕ್ಕಿ ಒತ್ತಿ "Show original" ನೋಡಿದರೆ ಸಾಕು.

ಇಲ್ಲಿ ತುಂಬಾ ಜನ ಎಡವುತ್ತಾರೆ. ಮೇಲ್ ನಿಜಕ್ಕೂ ಆ ಡೊಮೈನಿನಿಂದಲೇ ಬಂತಾ ಅಂತ ನೋಡುವ ಪರೀಕ್ಷೆಗಳಾದ SPF, DKIM, DMARC ಮೂರರ ಮುಂದೆಯೂ PASS ಇದೆ, ಹಾಗಾಗಿ ಸಾಚಾ ಅನ್ನುತ್ತಾರೆ. ಚಂದದ ಮೇಲ್‌ನಲ್ಲೂ ಮೂರೂ PASS ಇತ್ತು! ಕಳ್ಳನೂ ತನ್ನ ಸ್ವಂತ ಡೊಮೈನ್ ಕೊಂಡು, ಅದಕ್ಕೆ ಸರಿಯಾಗಿ ಸಹಿ ಹಾಕಿಯೇ ಕಳಿಸುತ್ತಾನೆ. ಪಾಸ್ ಆಯಿತಾ ಅನ್ನುವುದಲ್ಲ, ಯಾರ ಹೆಸರಲ್ಲಿ ಪಾಸ್ ಆಯಿತು ಅನ್ನುವುದು ಮುಖ್ಯ. ಆ ಡೊಮೈನನ್ನು ಬಲದಿಂದ ಎಡಕ್ಕೆ ಓದಬೇಕು. ನೋಟಿಸ್ ಮೇಲ್ ಆದರೆ ಕೊನೆಯಲ್ಲಿ `incometax.gov.in` ಇರಬೇಕು, ಅದರ ಎಡಕ್ಕೆ `cpc.` ಇದ್ದರೂ ಸರಿ. ಈ ಚಂದದ ಮೇಲ್‌ನ ಡೊಮೈನ್ ಶುರುವಾಗುವುದೇನೋ incometax ಅಂತಲೇ, ಮುಗಿಯುವುದು ಮಾತ್ರ `.top` ಅಂತ. ಹೆಡರ್‌ನಲ್ಲಿ ನಾನು ನೋಡುವ ಇನ್ನೊಂದು ಸಾಲೂ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಕನ್ನಡ ಓದುವ ಕಳ್ಳರೂ ಇರುತ್ತಾರಲ್ವಾ.

"ಆದರೆ ಡಿಐಎನ್ ಇದೆಯಲ್ಲ ಅಣ್ಣ?" ಅಂತ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. 2019ರ ಅಕ್ಟೋಬರ್ 1ರಿಂದ ಇಲಾಖೆಯ ನೋಟಿಸ್, ಆದೇಶಗಳಿಗೆ ಡಿಐಎನ್ ಇರಲೇಬೇಕು. ಪೋರ್ಟಲ್‌ನ ಮುಖಪುಟದಲ್ಲಿ "Authenticate Notice/Order Issued by ITD" ಇದೆ, ಅದಕ್ಕೆ ಲಾಗಿನ್ ಬೇಡ. ಡಿಐಎನ್ ಮತ್ತು ಒಂದು ಮೊಬೈಲ್ ನಂಬರ್ ಹಾಕಿದರೆ ಒಟಿಪಿ ಬರುತ್ತದೆ. ಹಾಕಿದೆ. ದಾಖಲೆ ಇದೆ ಅಂತ ಬಂತು! ನನ್ನ ಮಾತು ಸುಳ್ಳಾಯಿತು ಅಂತ ಗೆಳೆಯರಿಗೆ ಖುಷಿಯೋ ಖುಷಿ.

ನಾನು ಬಿಡಲಿಲ್ಲ. ಪೋರ್ಟಲ್ ತೋರಿಸಿದ ನೋಟಿಸ್ ತಾರೀಕಿಗೂ ಪತ್ರದಲ್ಲಿದ್ದ ತಾರೀಕಿಗೂ ಹೆಚ್ಚುಕಡಿಮೆ ಒಂದು ವರ್ಷದ ಅಂತರ ಇತ್ತು. ಅದೇ ಪುಟದಲ್ಲಿ ಎರಡನೇ ದಾರಿ ಇದೆ: ಪ್ಯಾನ್, ದಾಖಲೆಯ ಬಗೆ, ಅಸೆಸ್‌ಮೆಂಟ್ ವರ್ಷ, ನೋಟಿಸ್ ತಾರೀಕು, ಮೊಬೈಲ್. ಮಾವನ ಪ್ಯಾನ್ ಮತ್ತು ಪತ್ರದ ತಾರೀಕು ಹಾಕಿದೆ. ದಾಖಲೆ ಇಲ್ಲ. ಅಂದರೆ ಬೇರೆ ಯಾರಿಗೋ ಹೋದ ಅಸಲಿ ನೋಟಿಸಿನ ನಂಬರನ್ನು ಕದ್ದು ಇದಕ್ಕೆ ಅಂಟಿಸಿದ್ದಾರೆ.

ಖಾತ್ರಿಗಾಗಿ ನನ್ನದೇ ಹಳೆಯ ನೋಟಿಸಿನ ಡಿಐಎನ್ ತೆಗೆದು, ಹೆಂಡತಿಯ ಮೊಬೈಲ್ ನಂಬರ್ ಹಾಕಿ ನೋಡಿದೆ. ಧಾರಾಳವಾಗಿ ಪಾಸ್. ಡಿಐಎನ್ ದಾರಿಯಲ್ಲಿ ಆ ನಂಬರ್ ಇದೆಯೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ, ಅದು ನಿಮಗೇ ಬಂದದ್ದು ಅಂತ ಗೊತ್ತಾಗುವುದಿಲ್ಲ. ಅಲ್ಲಿಂದೀಚೆ ನಾನು ಮೊದಲು ಹೋಗುವುದು ಪ್ಯಾನ್ ದಾರಿಗೆ.

ಇನ್ನೊಂದು ತಮಾಷೆಯನ್ನೂ ಮಾಡಿದೆ, ನೀವು ಮಾಡಲು ಹೋಗಬೇಡಿ. ಸಿಮ್ ಇಲ್ಲದ, ಎಲ್ಲ ಅಳಿಸಿದ ಹಳೇ ಫೋನಿನಲ್ಲಿ ಆ ಮೇಲ್‌ನ ಲಿಂಕ್ ತೆರೆದು, ಪ್ಯಾನ್ ಜಾಗದಲ್ಲಿ ಏನೇನೋ ಅಕ್ಷರ ಕುಟ್ಟಿದೆ. "ಸ್ವಾಗತ" ಅಂತ ಹೇಳಿ ನೇರ ಕಾರ್ಡ್ ನಂಬರ್ ಮತ್ತು ಸಿವಿವಿ ಕೇಳಿತು. ಅಸಲಿ ಪೋರ್ಟಲ್ ಆಗಿದ್ದರೆ ಪ್ಯಾನ್ ತಪ್ಪು ಅಂತ ಅಲ್ಲೇ ತಡೆಯುತ್ತಿತ್ತು.

ಈಗ ಪೆದ್ದು ಮೇಲ್. ಪಿಡಿಎಫ್ ಪಾಸ್‌ವರ್ಡ್ ಸಣ್ಣಕ್ಷರದ ಪ್ಯಾನ್ ಮತ್ತು ಹುಟ್ಟಿದ ತಾರೀಕು, ಇದು ರಿಟರ್ನ್ ಪರಿಶೀಲಿಸುವ ಇಲಾಖೆಯ ಕೇಂದ್ರವಾದ ಸಿಪಿಸಿಯವರ ಮಾಮೂಲಿ ಕ್ರಮ. ಹಾಗಂತ ಅದೊಂದನ್ನೇ ನಂಬಬೇಡಿ, ಪ್ಯಾನ್ ಮತ್ತು ಹುಟ್ಟಿದ ದಿನ ಗೊತ್ತಿದ್ದವನಿಗೆ ಅಂಥ ಪಾಸ್‌ವರ್ಡ್ ಇಡುವುದು ಕಷ್ಟವಲ್ಲ. ನಾನು ಲಿಂಕ್ ಯಾವುದನ್ನೂ ಮುಟ್ಟದೆ `incometax.gov.in` ಅಂತ ಕೈಯಲ್ಲೇ ಟೈಪ್ ಮಾಡಿ ಲಾಗಿನ್ ಆಗಲು ಹೋದೆ. ಪೋರ್ಟಲ್‌ನ ಪಾಸ್‌ವರ್ಡ್ ಯಾರಿಗೂ ನೆನಪಿರಲಿಲ್ಲ. ಪುಣ್ಯಕ್ಕೆ ಆಧಾರ್‌ನ ಮೊಬೈಲ್ ಮಾವನ ಕೈಯಲ್ಲೇ ಇತ್ತು, ಹೊಸದು ಮಾಡಿಕೊಂಡೆವು. "Pending Actions" ಒಳಗೆ "e-Proceedings" ತೆರೆದರೆ ಅದೇ ನೋಟಿಸ್, ಅದೇ ನಂಬರ್, ಅದೇ ತಾರೀಕು. ಸೆಕ್ಷನ್ 139(9), ರಿಟರ್ನ್‌ನಲ್ಲಿ ದೋಷ. ಪಕ್ಕದ "Response to Outstanding Demand" ತೆರೆದರೆ ಖಾಲಿ, 38 ಸಾವಿರದ ಸುದ್ದಿಯೇ ಇಲ್ಲ.

ದೋಷ ಏನು? ಠೇವಣಿ ಬಡ್ಡಿ ಸುಮಾರು 1.1 ಲಕ್ಷ, ಬ್ಯಾಂಕಿನವರು ಹಿಡಿದ ಟಿಡಿಎಸ್ 11 ಸಾವಿರ. ಮಗ ಟಿಡಿಎಸ್ ವಾಪಸ್ ಕೇಳಿದ್ದಾನೆ, ಬಡ್ಡಿಯ ಆದಾಯ ಮಾತ್ರ ತೋರಿಸಿಲ್ಲ. ಉತ್ತರ ಕೊಡಲು 15 ದಿನ. ಅದರಲ್ಲಿ ಒಂದು ವಾರ ಈ ಚರ್ಚೆಯಲ್ಲೇ ಹೋಗಿತ್ತು. ಸುಮ್ಮನೆ ಬಿಟ್ಟಿದ್ದರೆ ರಿಟರ್ನ್ ಅಸಿಂಧು. ಡಿಸೆಂಬರ್ 31 ದಾಟಿದರೆ ತಡವಾದ ರಿಟರ್ನ್ ಹಾಕುವ ದಾರಿಯೂ ಬಂದ್. ಪೆದ್ದು ಮೇಲನ್ನು ಮೋಸ ಅಂತ ಡಿಲೀಟ್ ಮಾಡಿದ್ದರೆ 11 ಸಾವಿರಕ್ಕೆ ಎಳ್ಳುನೀರು, ಚಂದದ ಮೇಲನ್ನು ನಿಜ ಅಂತ ನಂಬಿದ್ದರೆ ಕಾರ್ಡ್ ವಿವರ ಕಳ್ಳನ ಕೈಗೆ. ದೋಷ ಒಪ್ಪಿ, ಬಡ್ಡಿ ಸೇರಿಸಿ, ಸರಿಮಾಡಿದ ರಿಟರ್ನ್ ಹಾಕಿದೆ. ಎರಡು ತಿಂಗಳೊಳಗೆ ರಿಫಂಡ್ ಖಾತೆಗೆ ಬಂತು. ನನಗೆ ಸಿಕ್ಕಿದ್ದು 500 ರೂಪಾಯಿ ಮತ್ತು ಒಂದು ಹಲಸಿನಕಾಯಿ.

ಈ ದಾರಿಗೂ ಮಿತಿ ಇದೆ. ಮುಂಗಡ ತೆರಿಗೆ ಕಟ್ಟಿ, ದೊಡ್ಡ ವ್ಯವಹಾರ ಕಂಡಿದೆ ನೋಡಿ ಅನ್ನುವ ನೆನಪೋಲೆಗಳನ್ನೂ ಇಲಾಖೆ ಕಳಿಸುತ್ತದೆ. ಅವಕ್ಕೆ ಡಿಐಎನ್ ಇರುವುದಿಲ್ಲ, e-Proceedings ಒಳಗೂ ಸಿಗುವುದಿಲ್ಲ. ಅಂಥದ್ದು ಬಂದರೆ ಲಾಗಿನ್ ಆಗಿ, ನಮ್ಮ ವ್ಯವಹಾರಗಳ ಬಗ್ಗೆ ಇಲಾಖೆಗೆ ಬಂದ ಮಾಹಿತಿಯ ಪಟ್ಟಿಯಾದ ಎಐಎಸ್ ತೆರೆದು, ಮೇಲ್‌ನಲ್ಲಿ ಹೇಳಿದ ವ್ಯವಹಾರ ಅಲ್ಲಿದೆಯಾ ನೋಡುತ್ತೇನೆ. ಇದ್ದರೆ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಚಂದದ ಮೇಲನ್ನು ಹೆಡರ್ ಸಮೇತ `webmanager@incometax.gov.in` ಮತ್ತು `incident@cert-in.org.in` ಎರಡಕ್ಕೂ ಕಳಿಸಿದೆ. ಮಾವನ ಪ್ರೊಫೈಲ್‌ನಲ್ಲಿ ಎರಡನೇ ಇಮೇಲ್ ಅಂತ ಊರಿನಲ್ಲೇ ಇರುವ ಮಗಳದ್ದು ಸೇರಿಸಿದೆ. ನಕ್ಕ ಗೆಳೆಯರಲ್ಲಿ ಒಬ್ಬ ಈಗ ಅನುಮಾನದ ಮೇಲ್ ಬಂದರೆ ನನಗೇ ಕಳಿಸುತ್ತಾನೆ, ಫೀಸ್ ಮಾತ್ರ ಅವನೇ ಇಟ್ಟುಕೊಳ್ಳುತ್ತಾನೆ.