ವಸ್ತುವಿನ ಮೇಲೆ ಬಂದು ನಿಂತುಬಿಡುವ ರೋಬಾಟ್ ತೋಳು: ನನ್ನ ಅನುಭವ

ನಾವು ಕೈಯಿಂದ ಆಡಿಸುವ ಲೀಡರ್ ತೋಳಿನಿಂದ 50 ಡೆಮೊ ಕೊಟ್ಟು ಕಲಿಸಿದ ರೋಬಾಟ್ ತೋಳು ಮರದ ತುಂಡಿನ ಮೇಲೆ ಬಂದು ನಿಂತುಬಿಡುತ್ತಿತ್ತು, ಕೆಳಗಿಳಿಯುತ್ತಲೇ ಇರಲಿಲ್ಲ. ತರಬೇತಿ ಹೆಚ್ಚಿಸಿದರೂ, ಇನ್ನೂ 50 ಡೆಮೊ ಸೇರಿಸಿದರೂ ಅದೇ ಕತೆ.

ಕಾರಣ ಡೇಟಾದಲ್ಲಿತ್ತು. ಹಿಡಿಯುವ ಮೊದಲು ಗುರಿ ನೋಡಿಕೊಳ್ಳಲು ನಾವು ಒಂದು ಕ್ಷಣ ತಡೆಯುತ್ತೇವೆ. ಆ ಫ್ರೇಮ್‌ಗಳೆಲ್ಲ ಒಂದೇ ಥರ ಇರುವುದರಿಂದ ಮಾಡೆಲ್ ‘ಇಲ್ಲಿ ನಿಲ್ಲು’ ಎಂದೇ ಕಲಿಯುತ್ತದೆ.

ಸರಿಹೋದದ್ದು ಹೀಗೆ: 30 ಎಫ್‌ಪಿಎಸ್ ರೆಕಾರ್ಡಿಂಗ್‌ನಲ್ಲಿ, ಸತತ 10 ಫ್ರೇಮ್‌ಗಳಲ್ಲಿ ಲೀಡರ್‌ನ ಯಾವ ಕೀಲೂ 0.5 ಡಿಗ್ರಿಗಿಂತ ಹೆಚ್ಚು ಅಲುಗದಿದ್ದರೆ ಮೊದಲ 2 ಉಳಿಸಿ ಮಿಕ್ಕದ್ದನ್ನು ತೆಗೆದೆ. ಗ್ರಿಪ್ಪರ್ ಮುಚ್ಚುವ ಫ್ರೇಮ್‌ಗಳನ್ನು ಮಾತ್ರ ಮುಟ್ಟಬಾರದು. ಆಗ ತೋಳು ಸ್ಥಿರವಾಗಿರಲೇಬೇಕು, ಕತ್ತರಿಸಿದರೆ ಹಿಡಿತ ತಪ್ಪುತ್ತದೆ. ಕತ್ತರಿಸಿದ ಮೇಲೆಯೇ ನಾರ್ಮಲೈಸೇಶನ್‌ನ ಸರಾಸರಿ, ವಿಚಲನೆಗಳನ್ನು ಹೊಸದಾಗಿ ಲೆಕ್ಕಹಾಕಿ, ಮೊದಲಿನಿಂದ ತರಬೇತಿ ಕೊಡಬೇಕು.