ಫೋನಿನಲ್ಲಿ ಸರ್ಕ್ಯೂಟ್ ಓದಿ ಹೇಳುವುದು ಹೇಗೆ?

ಕೆಟ್ಟ ಬೋರ್ಡು ಒಬ್ಬರ ಕೈಯಲ್ಲಿ, ಅದರ ನಕ್ಷೆ ಇನ್ನೊಬ್ಬರ ಕೈಯಲ್ಲಿ. ಹೀಗಾದಾಗ ಬಹಳ ಮಂದಿ ನಕ್ಷೆಯನ್ನು ಊರಿನ ದಾರಿ ಹೇಳುವಂತೆ ಓದುತ್ತಾರೆ: ‘ಡಯೋಡಿನಿಂದ ಬಲಕ್ಕೆ ಹೋಗು, ಕೆಳಗೊಂದು ಕೆಪಾಸಿಟರ್ ಇದೆ.’ ಕಾಗದದ ಬಲವೂ ಕೆಳಗೂ ಬೋರ್ಡಿನ ಮೇಲೆ ಇರುವುದಿಲ್ಲ, ಹಾಗಾಗಿ ಕೇಳುವವರು ಎರಡೇ ನಿಮಿಷದಲ್ಲಿ ದಾರಿ ತಪ್ಪುತ್ತಾರೆ.

ಕಳೆದ ತಿಂಗಳು ನನ್ನ ಸೋದರಳಿಯ ಫೋನ್ ಮಾಡಿದ. ಅವನಿರುವ ತೋಟದಲ್ಲಿ ಫೋಟೋ ಹೋಗುವಷ್ಟು ನೆಟ್‌ವರ್ಕ್ ಇಲ್ಲ. ಐದು ವೋಲ್ಟಿನ ಸಣ್ಣ ಪವರ್ ಸಪ್ಲೈ ಹತ್ತು ವೋಲ್ಟ್ ಕೊಡುತ್ತಿತ್ತು. ಟ್ರಾನ್ಸ್‌ಫಾರ್ಮರಿನಿಂದ ಒಂಬತ್ತು ವೋಲ್ಟ್ ಎಸಿ, ನಾಲ್ಕು ಡಯೋಡ್, ಎರಡು ಕೆಪಾಸಿಟರ್, ಒಂದು 7805 ರೆಗ್ಯುಲೇಟರ್, ಒಂದು ರೆಸಿಸ್ಟರ್, ಒಂದು ಎಲ್‌ಇಡಿ. ಅಷ್ಟೇ ಸರ್ಕ್ಯೂಟು.

ಮೊದಲು ಬಿಡಿಭಾಗಗಳ ಹಾಜರಿ ಕರೆಯಿರಿ. ‘ಸಿ ಒಂದು’, ‘ಡಿ ಒಂದು’ ಎನ್ನಬೇಡಿ, ಫೋನಿನಲ್ಲಿ ಎರಡೂ ಒಂದೇ ಥರ ಕೇಳಿಸುತ್ತವೆ. ‘ಕೆಪಾಸಿಟರ್ ಒಂದು’ ಎಂದು ಪೂರ್ತಿ ಹೇಳಿ. ಕೆಪಾಸಿಟರಿನ ಮೈಮೇಲಿನ 104 ಎಂಬುದನ್ನು ‘ಒಂದು, ಸೊನ್ನೆ, ನಾಲ್ಕು’ ಎಂದು ಬಿಡಿಬಿಡಿಯಾಗಿ ಓದಿ.

ಎರಡನೆಯದು ಗಂಟುಗಳಿಗೆ ಹೆಸರಿಡುವುದು. ಎಡವುವುದೆಲ್ಲ ಇಲ್ಲಿಯೇ. ಎರಡೋ ಅದಕ್ಕಿಂತ ಹೆಚ್ಚೋ ಕಾಲುಗಳು ಒಂದೇ ತಂತಿಯಲ್ಲಿ ಸೇರುವ ಜಾಗವೇ ಗಂಟು. ತಂತಿ ಎಷ್ಟೇ ಉದ್ದವಿರಲಿ, ಎಷ್ಟೇ ಸುತ್ತಲಿ, ನಡುವೆ ಬಿಡಿಭಾಗ ಬಾರದಿದ್ದರೆ ಅದು ಒಂದೇ ಗಂಟು. ಗೆರೆಗಳು ದಾಟುವಲ್ಲಿ ಚುಕ್ಕೆ ಇದ್ದರೆ ಮಾತ್ರ ಕೂಡಿವೆ ಎಂದರ್ಥ. ಕೆಲವು ಅಗ್ಗದ ಕಿಟ್‌ಗಳ ನಕ್ಷೆಯಲ್ಲಿ ಚುಕ್ಕೆಯನ್ನೇ ಮರೆತಿರುತ್ತಾರೆ. ಅಂಥ ಕಾಗದವನ್ನು ನಂಬಿ ಫೋನ್ ಎತ್ತಬೇಡಿ. ಗಂಟುಗಳಿಗೆ ಒಂದು, ಎರಡು ಎಂದು ಸಾಲಾಗಿ ಅಂಕಿ ಕೊಡುವವರಿದ್ದಾರೆ. ಐಸಿಯ ಕಾಲುಗಳಿಗೂ ಅಂಕಿಯೇ ಇರುವುದರಿಂದ ನನಗದು ಸುತರಾಂ ಒಪ್ಪಿಗೆಯಿಲ್ಲ. ನಾವು ಇಟ್ಟ ಹೆಸರುಗಳು ಆರು: ಎಸಿ ಎಡ, ಎಸಿ ಬಲ, ಹನ್ನೆರಡು, ಐದು, ನಡು, ನೆಲ. ಹನ್ನೆರಡು, ಐದು ಎಂಬವು ಸಾಲಿನ ಅಂಕಿಗಳಲ್ಲ, ಅಲ್ಲಿರಬೇಕಾದ ವೋಲ್ಟೇಜು; ನಡು ಎಂದರೆ ರೆಸಿಸ್ಟರೂ ಎಲ್‌ಇಡಿಯೂ ಸೇರುವ ಗಂಟು, ನೆಲ ಎಂದರೆ ಗ್ರೌಂಡ್.

ಇನ್ನು ಒಂದೊಂದೇ ಬಿಡಿಭಾಗದ ಪ್ರತಿ ಕಾಲನ್ನೂ ಯಾವುದಾದರೊಂದು ಗಂಟಿಗೆ ಕಟ್ಟುತ್ತ ಓದಿ. ‘ಡಯೋಡ್ ಒಂದು, ಬಿಳಿ ಪಟ್ಟಿಯ ಕಾಲು ಹನ್ನೆರಡಕ್ಕೆ, ಇನ್ನೊಂದು ಎಸಿ ಎಡಕ್ಕೆ. ಕೆಪಾಸಿಟರ್ ಒಂದು, ಪ್ಲಸ್ ಹನ್ನೆರಡಕ್ಕೆ, ಮೈನಸ್ ನೆಲಕ್ಕೆ. ರೆಗ್ಯುಲೇಟರ್, ಬರಹ ನಿನ್ನ ಕಡೆ, ಕಾಲು ಕೆಳಗೆ: ಎಡಗಾಲು ಹನ್ನೆರಡಕ್ಕೆ, ನಡುಗಾಲು ನೆಲಕ್ಕೆ, ಬಲಗಾಲು ಐದಕ್ಕೆ.’ ಇದೇ ಆಕಾರದ 7905ರಲ್ಲಿ ಎಡಗಾಲು ನೆಲ, ನಡುಗಾಲು ಇನ್‌ಪುಟ್. ಆದ್ದರಿಂದ ಮೈಮೇಲಿನ ನಂಬರನ್ನು ಕೇಳುಗರಿಂದಲೇ ಓದಿಸಿ.

ಕೇಳುವವರು ಬರೆದುಕೊಳ್ಳಬೇಕಾದದ್ದು ಬಿಡಿಭಾಗದ ಪ್ರಕಾರವಲ್ಲ, ಗಂಟಿನ ಪ್ರಕಾರ. ಆರು ಹೆಸರು ಬರೆದು, ಪ್ರತಿಯೊಂದರ ಕೆಳಗೆ ಬಂದ ಕಾಲುಗಳನ್ನು ಸೇರಿಸುತ್ತ ಹೋಗಬೇಕು. ಕೊನೆಗೆ ಲೆಕ್ಕ ಹಾಕಿ. ನಮ್ಮಲ್ಲಿ ಟ್ರಾನ್ಸ್‌ಫಾರ್ಮರಿನ ಎರಡು ತುದಿ ಸೇರಿ 21 ಕಾಲು. ಗಂಟುಗಳಲ್ಲಿ ಕ್ರಮವಾಗಿ 3, 3, 4, 3, 2, 6. ಕೂಡಿದರೆ 21. ಸೋದರಳಿಯನಿಗೆ ಮೊದಲು ಸಿಕ್ಕಿದ್ದು 20. ಎಲ್‌ಇಡಿಯ ಒಂದು ಕಾಲು ನನ್ನ ಬಾಯಿಂದಲೇ ತಪ್ಪಿತ್ತು.

ಪಟ್ಟಿ ಸರಿಯಾದ ಮೇಲೆ ಅಳತೆ. ಮೀಟರಿನ ಕಪ್ಪು ತುದಿ ಕೆಪಾಸಿಟರ್ ಒಂದರ ಮೈನಸ್‌ಗೆ. ‘ಹನ್ನೆರಡು’ ಗಂಟಿನಲ್ಲಿ 12 ವೋಲ್ಟ್ ಸರಿಯಾಗಿಯೇ ಇತ್ತು. ‘ಐದು’ ಗಂಟಿನಲ್ಲಿ 10. ನೆಲದ ಪಟ್ಟಿಯಲ್ಲಿರುವ ಪ್ರತಿ ಕಾಲೂ ಸೊನ್ನೆ ತೋರಿಸಬೇಕು.

‘ನಡುಗಾಲು ಸೊನ್ನೆಯೇ ಇದೆ ಮಾವ’ ಎಂದ.

‘ಒತ್ತಿ ಹಿಡಿದಿದ್ದೀಯಾ? ಕಾಲು ಬಿಡು, ರೆಗ್ಯುಲೇಟರಿನ ಬೆನ್ನಿನ ಲೋಹದ ತಗಡಿಗೆ ಮೆಲ್ಲಗೆ ಮುಟ್ಟಿಸು.’

7805ರ ಆ ತಗಡು ಒಳಗಿನಿಂದ ನಡುಗಾಲಿಗೇ ಕೂಡಿರುತ್ತದೆ. ಅಲ್ಲಿ ಮೀಟರ್ ಎಂಟರ ಆಸುಪಾಸು ತೋರಿಸಿತು. ಬೆಸುಗೆ ಬಿರುಕು ಬಿಟ್ಟಿತ್ತು. ಒತ್ತಿದಾಗ ಕೂಡಿಕೊಳ್ಳುತ್ತಿತ್ತು, ಬಿಟ್ಟರೆ ಕಡಿಯುತ್ತಿತ್ತು. ನೆಲ ತಪ್ಪಿದ ರೆಗ್ಯುಲೇಟರ್ ಐದರ ಬದಲು ಇನ್‌ಪುಟ್ಟಿಗೆ ಹತ್ತಿರದ ವೋಲ್ಟೇಜನ್ನೇ ಹೊರಗೆ ಬಿಡುತ್ತದೆ. ಎಲ್‌ಇಡಿ ವಾರದಿಂದ ಜಾಸ್ತಿ ಉರಿಯುತ್ತಿತ್ತು ಎಂದು ಅವನಿಗೆ ಆಗ ನೆನಪಾಯಿತು!

230 ವೋಲ್ಟಿನ ಕಡೆಯನ್ನು ಟೇಪು ಸುತ್ತಿ ಮುಚ್ಚಿಸಿಯೇ ನಾನು ಇದನ್ನೆಲ್ಲ ಮಾಡಿಸಿದ್ದು. ಮೊಬೈಲ್ ಚಾರ್ಜರಿನಂಥ ಎಸ್‌ಎಂಪಿಎಸ್ ಬೋರ್ಡಿನಲ್ಲಿ ಮುನ್ನೂರು ವೋಲ್ಟು ಮೀರಿದ ಕೆಪಾಸಿಟರ್ ಇರುತ್ತದೆ. ಅದನ್ನು ಫೋನಿನಲ್ಲಿ ಮುಟ್ಟಿಸಬೇಡಿ, ಅಂಗಡಿಗೆ ಕಳಿಸಿ.

ಪ್ಲಗ್ ಕಿತ್ತು, ಹಳೆಯ ಬೆಸುಗೆ ತೆಗೆದು ಹೊಸದು ಹಾಕಿದ. ತಗಡಿನಲ್ಲಿ ಸೊನ್ನೆ, ಬಲಗಾಲಿನಲ್ಲಿ 5.02.